ಒಂದು ಕೈಯ ಬಲಕ್ಕೆ ಲಾರಿ ಏಳುವ ಲೆಕ್ಕ

ಟೈರ್ ಪಂಕ್ಚರ್ ಆದ ಲಾರಿಯ ಆಕ್ಸಲ್ ಕೆಳಗೆ ಜಾಕ್ ಇಟ್ಟು ಕ್ಲೀನರ್ ಹಿಡಿಕೆ ಒತ್ತುತ್ತಾನೆ. ಟನ್‌ಗಟ್ಟಲೆ ಭಾರ ಮೇಲೇಳುತ್ತದೆ. ಇದರ ಹಿಂದಿರುವುದು 17ನೇ ಶತಮಾನದ ಫ್ರೆಂಚ್ ವಿಜ್ಞಾನಿ ಪಾಸ್ಕಲ್‌ನ ನಿಯಮ: ಮುಚ್ಚಿದ ಪಾತ್ರೆಯಲ್ಲಿನ ದ್ರವದ ಮೇಲೆ ಹಾಕಿದ ಒತ್ತಡ ಕುಗ್ಗದೆ ಎಲ್ಲ ದಿಕ್ಕಿಗೂ ಹರಡುತ್ತದೆ.

ಜಾಕ್‌ನಲ್ಲಿ 1 ಸೆಂ.ಮೀ. ವ್ಯಾಸದ ಸಣ್ಣ ಪಿಸ್ಟನ್, 4 ಸೆಂ.ಮೀ. ವ್ಯಾಸದ ದೊಡ್ಡ ಪಿಸ್ಟನ್ ಇವೆ ಎನ್ನೋಣ. ವ್ಯಾಸ 4 ಪಟ್ಟಾದರೆ ವಿಸ್ತೀರ್ಣ 16 ಪಟ್ಟು. ಎರಡರ ಮೇಲೂ ಎಣ್ಣೆಯ ಒತ್ತಡ ಒಂದೇ. ಹಾಗಾಗಿ ಬಲವೂ 16 ಪಟ್ಟಾಗುತ್ತದೆ. ಕೈ 10 ಕೆ.ಜಿ. ಭಾರದಷ್ಟು ಒತ್ತಿದರೆ, ಉದ್ದದ ಹಿಡಿಕೆ ಸನ್ನೆಯಂತೆ ಅದನ್ನು 15 ಪಟ್ಟು ಮಾಡಿ ಸಣ್ಣ ಪಿಸ್ಟನ್‌ಗೆ 150 ಕೆ.ಜಿ. ಕೊಡುತ್ತದೆ. 150 × 16 = 2,400 ಕೆ.ಜಿ. ಘರ್ಷಣೆಯಿಂದ ಇದರಲ್ಲಿ ಸ್ವಲ್ಪ ಕಳೆಯುತ್ತದೆ.

ಆದರೆ ಶಕ್ತಿ ಪುಕ್ಕಟೆ ಬರುವುದಿಲ್ಲ. ಸಣ್ಣ ಪಿಸ್ಟನ್ 16 ಮಿ.ಮೀ. ಇಳಿದರೆ ದೊಡ್ಡದು ಏರುವುದು 1 ಮಿ.ಮೀ. ಮಾತ್ರ. ಅದಕ್ಕೇ ಮತ್ತೆ ಮತ್ತೆ ಒತ್ತಬೇಕು. ಏರಿದ ಭಾರ ಜಾರದಂತೆ ಒಳಗಿನ ವಾಲ್ವ್ ಎಣ್ಣೆಯನ್ನು ತಡೆಯುತ್ತದೆ. ಇದೇ ತತ್ತ್ವದ ಹೈಡ್ರಾಲಿಕ್ ಪ್ರೆಸ್‌ಗೆ ಇಂಗ್ಲೆಂಡಿನ ಜೋಸೆಫ್ ಬ್ರಾಮಾ 1795ರಲ್ಲಿ ಪೇಟೆಂಟ್ ಪಡೆದ. ಅಲ್ಲಿ ದೊಡ್ಡ ಪಿಸ್ಟನ್ ಎತ್ತುವ ಬದಲು ಅದುಮುತ್ತದೆ.

ಹಿಡಿಕೆ ಸ್ಪಂಜಿನಂತೆ ಮೆತ್ತಗಾದರೆ ಎಣ್ಣೆಯಲ್ಲಿ ಗಾಳಿ ಸೇರಿದೆ, ಗಾಳಿ ಕುಗ್ಗುತ್ತದೆ. ಎತ್ತಿದ ಭಾರ ನಿಧಾನವಾಗಿ ಇಳಿದರೆ ಸೀಲ್ ಅಥವಾ ವಾಲ್ವ್ ಸೋರುತ್ತಿದೆ. ಆದ್ದರಿಂದ ಸ್ಟ್ಯಾಂಡ್ ಕೊಡದೆ ವಾಹನದಡಿ ನುಸುಳಬಾರದು.