ಕಾಫಿಪುಡಿ ಅಂಗಡಿಯವರಿಗೆ ಅರ್ಥವಾಗುವ ಸರ್ಟಿಫಿಕೇಟ್

ಫ್ರೀಲ್ಯಾನ್ಸ್ ಕೆಲಸಕ್ಕೆ ಕಳಿಸುವ ಪ್ರಪೋಸಲ್‌ನಲ್ಲಿ ಸರ್ಟಿಫಿಕೇಶನ್‌ಗೆ ಸಾಮಾನ್ಯವಾಗಿ ಸಿಗುವುದು ಒಂದೇ ಸಾಲು. ಉದ್ದನೆಯ ಒಂದು ಹೆಸರು, ಪಕ್ಕದಲ್ಲಿ ಪುಟ್ಟ ಲೋಗೊ. ಅದೇ ಕ್ಷೇತ್ರದವರು ಓದಿದರೆ ಅಷ್ಟು ಸಾಕು. ಕಂಪ್ಯೂಟರ್ ಕೆಲಸದ ಗಂಧಗಾಳಿ ಇಲ್ಲದವರು ಓದಿದರೆ ಆ ಸಾಲು ಏನನ್ನೂ ಹೇಳುವುದಿಲ್ಲ. ಕೆಲವೊಮ್ಮೆ ಇಲ್ಲದ್ದನ್ನೂ ಹೇಳಿಬಿಡುತ್ತದೆ.

ಅಮೆಜಾನ್‌ನ ಎಡಬ್ಲ್ಯೂಎಸ್ ವಿಭಾಗ ಕೊಡುವ ‘ಸರ್ಟಿಫೈಡ್ ಸೊಲ್ಯೂಷನ್ಸ್ ಆರ್ಕಿಟೆಕ್ಟ್ – ಅಸೋಸಿಯೇಟ್’ ಇದಕ್ಕೆ ಒಳ್ಳೆಯ ಉದಾಹರಣೆ. ಭಾರತದ ಫ್ರೀಲ್ಯಾನ್ಸರ್‌ಗಳ ಪರಿಚಯಪತ್ರಗಳಲ್ಲಿ ಆಗಾಗ ಕಾಣುವ ಹೆಸರು ಇದು. ಇದನ್ನು ಓದಬೇಕಾದ ಕ್ಲೈಂಟ್ ಮೈಸೂರಿನ ಒಬ್ಬ ಕಾಫಿಪುಡಿ ವ್ಯಾಪಾರಿ ಎಂದಿಟ್ಟುಕೊಳ್ಳೋಣ. ಅಂಗಡಿ ತಂದೆಯ ಕಾಲದ್ದು, ವೆಬ್‌ಸೈಟ್ ಮಗನ ಕಾಲದ್ದು. ವರ್ಷವಿಡೀ ದಿನಕ್ಕೆ ಹತ್ತಿಪ್ಪತ್ತು ಆರ್ಡರ್ ಬರುವ ಆ ವೆಬ್‌ಸೈಟ್, ದಸರಾ ಹೊತ್ತಿಗೆ ಊರ ಹೊರಗಿನ ಗಿರಾಕಿಗಳು ಒಟ್ಟಿಗೆ ಬಂದಾಗ ತೆರೆಯುವುದೇ ಇಲ್ಲ. ಅದನ್ನು ಎಡಬ್ಲ್ಯೂಎಸ್‌ಗೆ ಸ್ಥಳಾಂತರಿಸಿಕೊಡುವುದಾಗಿ ಫ್ರೀಲ್ಯಾನ್ಸರ್ ಒಬ್ಬರು ಪ್ರಪೋಸಲ್ ಬರೆಯುತ್ತಿದ್ದಾರೆ.

‘ಅಮೆಜಾನ್ ಸರ್ಟಿಫೈಡ್’ ಎಂದು ಓದಿದ ಕೂಡಲೇ ಈ ವ್ಯಾಪಾರಿಯ ತಲೆಗೆ ಬರುವುದು ಪಾರ್ಸೆಲ್ ತಂದುಕೊಡುವ ಅಮೆಜಾನ್. ಹಾಗಾದರೆ ನಮ್ಮ ಪುಡಿಯನ್ನು ಅಲ್ಲೂ ಮಾರಿಸಿಕೊಡುತ್ತೀರಾ ಎಂದು ಅವರು ಕೇಳಿದರೆ ತಪ್ಪು ಅವರದ್ದಲ್ಲ. ಇದಕ್ಕಿಂತ ಕೆಟ್ಟದ್ದು ಇನ್ನೊಂದು ಅರ್ಥ: ಕೆಲಸ ಕೆಟ್ಟರೆ ಅಮೆಜಾನ್ ಕಂಪನಿಯೇ ಹೊಣೆ ಹೊರುತ್ತದೆ ಎಂಬ ನಂಬಿಕೆ. ಈ ಸರ್ಟಿಫಿಕೇಟ್ ಒಬ್ಬ ವ್ಯಕ್ತಿ ಪರೀಕ್ಷೆ ಪಾಸು ಮಾಡಿದ್ದಕ್ಕೆ ಸಿಕ್ಕಿದ್ದು. ಆ ವ್ಯಕ್ತಿ ಮುಂದೆ ಮಾಡುವ ಕೆಲಸಕ್ಕೆ ಅದು ಕಂಪನಿಯ ಜಾಮೀನಲ್ಲ. ಮೊದಲ ಓದಿಗೆ ಹುಟ್ಟಿದ ಭ್ರಮೆಯಿಂದ ಕೆಲಸ ಸಿಕ್ಕೀತು; ಮೊದಲ ತೊಂದರೆಯ ದಿನ ಅದೇ ಭ್ರಮೆ ಜಗಳವಾಗುತ್ತದೆ.

ಹಾಗಾದರೆ ಪರೀಕ್ಷೆಯಲ್ಲಿ ಏನಿದೆ? ಈಗಿನ ಆವೃತ್ತಿಯ ಹೆಸರು SAA-C03, 2022ರಲ್ಲಿ ಬಂದದ್ದು. 130 ನಿಮಿಷ, 65 ಪ್ರಶ್ನೆ. ಅದರಲ್ಲಿ 50ಕ್ಕೆ ಮಾತ್ರ ಅಂಕ. ಉಳಿದ 15 ಮುಂದಿನ ಪರೀಕ್ಷೆಗಳಿಗಾಗಿ ಪರಖು ಮಾಡುತ್ತಿರುವ ಪ್ರಶ್ನೆಗಳು, ಅವು ಯಾವುವೆಂದು ಬರೆಯುವವರಿಗೆ ತಿಳಿಯುವುದಿಲ್ಲ. ಪರೀಕ್ಷಾ ಕೇಂದ್ರದಲ್ಲಾಗಲಿ, ಮನೆಯಲ್ಲಿ ಕ್ಯಾಮೆರಾದ ಮುಂದಾಗಲಿ, ಗುರುತಿನ ಚೀಟಿ ತೋರಿಸಿ ಮೇಲ್ವಿಚಾರಕರ ಕಣ್ಣಳತೆಯಲ್ಲೇ ಬರೆಯಬೇಕು. ವಿಡಿಯೊ ಪಾಠಗಳನ್ನು ನೋಡಿ ಮುಗಿಸಿದವರಿಗೆಲ್ಲ ಸಿಗುವ ‘ಕೋರ್ಸ್ ಮುಗಿಸಿದ ಪತ್ರ’ಕ್ಕೂ ಇದಕ್ಕೂ ಇರುವ ವ್ಯತ್ಯಾಸ ಇದೇ. ಕ್ಲೈಂಟ್‌ಗೆ ಎರಡೂ ಒಂದೇ ಥರ ಕಾಣುವುದರಿಂದ ಪ್ರಪೋಸಲ್‌ನಲ್ಲಿ ಈ ಒಂದು ಮಾತು ಇರಬೇಕು.

ಪ್ರಶ್ನೆಗಳ ಧಾಟಿ ತಿಳಿದರೆ ವಿವರಿಸುವುದು ಇನ್ನೂ ಸುಲಭ. ಹೆಚ್ಚಿನವು ಒಂದು ಸನ್ನಿವೇಶವನ್ನು ಕೊಡುತ್ತವೆ. ಒಂದು ಕಂಪನಿಯ ವೆಬ್‌ಸೈಟ್‌ಗೆ ವರ್ಷದ ಹೆಚ್ಚಿನ ದಿನ ಜನ ಕಡಿಮೆ, ರಿಯಾಯಿತಿ ಮಾರಾಟದ ಮೂರು ದಿನ ಮಾತ್ರ ಮುಗಿಬೀಳುತ್ತಾರೆ. ಅತಿ ಕಡಿಮೆ ಖರ್ಚಿನಲ್ಲಿ ನಿಭಾಯಿಸುವುದು ಹೇಗೆ ಎನ್ನುವಂಥದ್ದು. ದೊಡ್ಡ ಸರ್ವರನ್ನು ವರ್ಷವಿಡೀ ಬಾಡಿಗೆಗೆ ಹಿಡಿದರೂ ಕೆಲಸ ನಡೆಯುತ್ತದೆ. ಆ ಮೂರು ದಿನ ಒಬ್ಬರು ಕೂತು ಕೈಯಾರೆ ಸರ್ವರ್ ಸೇರಿಸುತ್ತ ಹೋದರೂ ನಡೆಯುತ್ತದೆ. ಬೇಡಿಕೆ ಏರಿದಾಗ ತಾನಾಗಿ ಸೇರಿ, ಇಳಿದಾಗ ತಾನಾಗಿ ಕಳಚಿಕೊಳ್ಳುವ ವ್ಯವಸ್ಥೆ ಮಾತ್ರ ಸರಿಯುತ್ತರ, ಏಕೆಂದರೆ ಕೇಳಿದ್ದು ಕಡಿಮೆ ಖರ್ಚನ್ನು. ಈ ಸನ್ನಿವೇಶ ಕಾಫಿಪುಡಿ ಅಂಗಡಿಯ ದಸರಾ ಕಥೆಯೇ ಆಗಿರುವುದನ್ನು ಗಮನಿಸಬಹುದು.

ಪರೀಕ್ಷೆಯ ಪಠ್ಯವನ್ನು ನಾಲ್ಕು ಭಾಗ ಮಾಡಿದ್ದಾರೆ. ಭದ್ರತೆಗೆ ನೂರಕ್ಕೆ 30, ಒಂದು ಭಾಗ ಕೆಟ್ಟರೂ ಒಟ್ಟು ವ್ಯವಸ್ಥೆ ನಿಲ್ಲದಂತೆ ಕಟ್ಟುವುದಕ್ಕೆ 26, ವೇಗಕ್ಕೆ 24, ಖರ್ಚಿನ ಹಿಡಿತಕ್ಕೆ 20. ಈ ನಾಲ್ಕೂ ತಾಂತ್ರಿಕ ಶೀರ್ಷಿಕೆಗಳನ್ನು ತೆಗೆದಿಟ್ಟರೆ ಉಳಿಯುವುದು ವ್ಯಾಪಾರಿಯ ನಾಲ್ಕು ಚಿಂತೆಗಳು: ಗಿರಾಕಿಗಳ ಫೋನ್ ನಂಬರು, ವಿಳಾಸ ಬೇರೆಯವರ ಕೈಸೇರದಿರಲಿ, ಅಂಗಡಿ ಬಾಗಿಲು ಹಾಕದಿರಲಿ, ಪುಟ ಬೇಗ ತೆರೆಯಲಿ, ಬಿಲ್ ಕೈಮೀರದಿರಲಿ. ಸರ್ಟಿಫಿಕೇಶನ್ ವಿವರಿಸುವಾಗ ಹಿಡಿಯಬೇಕಾದ ತುದಿ ಇದು. ಪರೀಕ್ಷೆಯ ಹೆಸರಿನಿಂದ ಶುರುಮಾಡಿದರೆ ಕ್ಲೈಂಟ್‌ವರೆಗೆ ತಲುಪುವುದು ಕಷ್ಟ. ಕ್ಲೈಂಟ್ ಮೊದಲ ಮಾತುಕತೆಯಲ್ಲಿ ಹೇಳಿಕೊಂಡ ತಾಪತ್ರಯದಿಂದ ಶುರುಮಾಡಿದರೆ ದಾರಿ ಹತ್ತಿರ. ನಾಲ್ಕನ್ನೂ ಹೇಳಬೇಕಾಗಿಲ್ಲ. ಅವರು ದೂರಿದ್ದು ದಸರಾ ವಾರದ ಬಗ್ಗೆ ಮತ್ತು ಬಿಲ್ಲಿನ ಬಗ್ಗೆಯಾದರೆ ಆ ಎರಡೇ ಸಾಕು.

ಮೊದಲ ಕರಡು ಹೆಚ್ಚಾಗಿ ಹೀಗಿರುತ್ತದೆ: “ನಾನು ಎಡಬ್ಲ್ಯೂಎಸ್ ಸರ್ಟಿಫೈಡ್ ಸೊಲ್ಯೂಷನ್ಸ್ ಆರ್ಕಿಟೆಕ್ಟ್ ಆಗಿದ್ದು, 1000ಕ್ಕೆ 812 ಅಂಕ ಗಳಿಸಿದ್ದೇನೆ. ವಿಶ್ವದರ್ಜೆಯ ಕ್ಲೌಡ್ ಪರಿಹಾರ ಒದಗಿಸುತ್ತೇನೆ.” ಇದರಲ್ಲಿ ಅಂಕದ ಮಾತು ಅನಗತ್ಯ ಮಾತ್ರವಲ್ಲ, ದಾರಿ ತಪ್ಪಿಸುವಂಥದ್ದು. ಈ ಪರೀಕ್ಷೆಯ ಅಂಕ 100ರಿಂದ 1000ದವರೆಗಿನ ಒಂದು ಅಳತೆಪಟ್ಟಿಯ ಮೇಲಿನದು. 720 ಬಂದರೆ ಪಾಸು. ಅದು ಎಸ್ಸೆಸ್ಸೆಲ್ಸಿಯ ಶೇಕಡಾವಾರು ಅಂಕದ ಹಾಗಲ್ಲ, ಎಷ್ಟು ಉತ್ತರ ಸರಿಯಾಯಿತು ಎಂಬುದನ್ನು ಅದು ನೇರವಾಗಿ ಹೇಳುವುದಿಲ್ಲ. ವ್ಯಾಪಾರಿ ಅದನ್ನು ಶೇ. 81 ಎಂದೇ ಓದುತ್ತಾರೆ. ‘ವಿಶ್ವದರ್ಜೆ’ಯ ಬಗ್ಗೆ ಹೇಳುವುದೇನೂ ಇಲ್ಲ.

ಅದನ್ನೇ ತಿದ್ದಿ ಬರೆದರೆ ಹೀಗಾಗಬಹುದು:

“ನಿಮ್ಮ ವೆಬ್‌ಸೈಟನ್ನು ಎಡಬ್ಲ್ಯೂಎಸ್‌ನಲ್ಲಿ ಇಡಬೇಕೆಂಬುದು ನನ್ನ ಸಲಹೆ. ಇದು ಅಮೆಜಾನ್ ಕಂಪನಿಯದೇ ಇನ್ನೊಂದು ವ್ಯವಹಾರ. ಸಾಮಾನು ಮಾರುವುದಿಲ್ಲ, ವೆಬ್‌ಸೈಟ್ ಇಡಲು ಕಂಪ್ಯೂಟರ್‌ಗಳನ್ನು ಬಾಡಿಗೆಗೆ ಕೊಡುತ್ತದೆ. ಅಲ್ಲಿ ವ್ಯವಸ್ಥೆಯನ್ನು ಭದ್ರವಾಗಿ, ಮಿತ ಖರ್ಚಿನಲ್ಲಿ ಕಟ್ಟುವ ಬಗ್ಗೆ ಅವರು ಮೇಲ್ವಿಚಾರಣೆಯಲ್ಲಿ ನಡೆಸುವ ಪರೀಕ್ಷೆಯನ್ನು ನಾನು ಪಾಸು ಮಾಡಿದ್ದೇನೆ. ಅದರ ಅವಧಿ ಮೂರು ವರ್ಷ; ಮುಗಿಯುವ ದಿನಾಂಕ ಕೆಳಗಿನ ಲಿಂಕ್‌ನಲ್ಲಿದೆ. ನಿಮ್ಮ ಕೆಲಸದಲ್ಲಿ ಆ ಕಲಿಕೆ ಎರಡು ಕಡೆ ಬಳಕೆಯಾಗುತ್ತದೆ. ದಸರಾದಲ್ಲಿ ಜನ ಹೆಚ್ಚಿದಾಗ ಸರ್ವರ್ ತಾನಾಗಿ ಸೇರಿ, ಆಮೇಲೆ ಕಳಚಿಕೊಳ್ಳುತ್ತದೆ. ತಿಂಗಳ ಖರ್ಚು ನೀವು ಹೇಳಿದ ಮೊತ್ತದ ಹತ್ತಿರ ಬಂದರೆ ನಿಮಗೇ ಇಮೇಲ್ ಬರುತ್ತದೆ. ವೆಬ್‌ಸೈಟ್‌ನ ವಿನ್ಯಾಸ, ಹಣ ಪಾವತಿಯ ಭಾಗ ಈ ಪರೀಕ್ಷೆಯ ವ್ಯಾಪ್ತಿಯಲ್ಲಿಲ್ಲ; ಅವನ್ನು ನಾನು ಮುಟ್ಟುವುದಿಲ್ಲ.”

ಇಲ್ಲಿ ನಂಬಿಕೆ ಹುಟ್ಟಿಸುವ ಕೆಲಸವನ್ನು ಹೆಚ್ಚಾಗಿ ಮಾಡುವುದು ಕೊನೆಯ ವಾಕ್ಯ. ತನಗೆ ಏನು ಬರುವುದಿಲ್ಲ ಎಂದು ಬರೆದುಕೊಟ್ಟವರು ಬರುತ್ತದೆ ಎಂದು ಹೇಳಿದ್ದನ್ನು ಓದುಗರು ಹೆಚ್ಚು ಗಂಭೀರವಾಗಿ ತೆಗೆದುಕೊಳ್ಳುತ್ತಾರೆ. ಅದರ ಹಿಂದಿನ ಎರಡು ವಾಕ್ಯಗಳಿಗೂ ಒಂದು ಗುಣವಿದೆ: ಕೆಲಸ ಮುಗಿದ ಮೇಲೆ ಅವನ್ನು ವ್ಯಾಪಾರಿ ತಾವೇ ಪರೀಕ್ಷಿಸಬಹುದು. ದಸರಾಗೆ ತಿಂಗಳಿರುವಾಗಲೇ ಕೃತಕವಾಗಿ ಹೊರೆ ಹಾಕಿ ತೋರಿಸಿ ಎನ್ನಬಹುದು, ಮಿತಿಯನ್ನು ನೂರು ರೂಪಾಯಿಗೆ ಇಳಿಸಿ ಇಮೇಲ್ ಬರುತ್ತದೆಯೇ ನೋಡಬಹುದು. ಇಮೇಲ್ ವಿಷಯದಲ್ಲಿ ಮಾತ್ರ ಪದ ಎಚ್ಚರಿಕೆಯಿಂದ ಬಳಸಬೇಕು. ಎಡಬ್ಲ್ಯೂಎಸ್‌ನ ಬಜೆಟ್ ಎಚ್ಚರಿಕೆ ಬರಿಯ ಸೂಚನೆ, ಅದು ತಾನಾಗಿ ಖರ್ಚನ್ನು ತಡೆದು ನಿಲ್ಲಿಸುವುದಿಲ್ಲ; ಖರ್ಚಿನ ಲೆಕ್ಕ ಅಲ್ಲಿಗೆ ತಲುಪಲು ಕೆಲವು ಗಂಟೆಗಳೂ ಹಿಡಿಯುತ್ತವೆ. ‘ಬಿಲ್ ಇದಕ್ಕಿಂತ ಮೇಲೆ ಹೋಗುವುದೇ ಇಲ್ಲ’ ಎಂದು ಬರೆದವರು ಪಾಠವನ್ನೇ ಸರಿಯಾಗಿ ಓದಿಲ್ಲ ಎಂದಾಗುತ್ತದೆ.

ಹೋಲಿಕೆ ಕೊಡುವ ಆಸೆ ಎಲ್ಲರಿಗೂ ಬರುತ್ತದೆ. ಆದರೆ ‘ಇದು ಲೆಕ್ಕಪತ್ರದಲ್ಲಿ ಸಿಎ ಇದ್ದಂತೆ’ ಎನ್ನುವುದು ಅತಿಯಾಯಿತು. ಸಿಎ ಆಗಲು ವರ್ಷಗಟ್ಟಲೆ ತರಬೇತಿ ಕಡ್ಡಾಯ. ಇಲ್ಲಿ ಒಂದು ವರ್ಷದ ಅನುಭವವಿದ್ದರೆ ಒಳ್ಳೆಯದೆಂದು ಎಡಬ್ಲ್ಯೂಎಸ್ ಸಲಹೆ ಕೊಡುತ್ತದೆಯೇ ಹೊರತು ಅದನ್ನು ಕಡ್ಡಾಯ ಮಾಡಿಲ್ಲ. 150 ಡಾಲರ್ ಶುಲ್ಕ ಕಟ್ಟಿದ ಯಾರೂ ಬರೆಯಬಹುದು. ಪ್ರಶ್ನೆಗಳೂ ಉತ್ತರ ಆರಿಸುವಂಥವು. ಸರ್ವರ್ ಮುಂದೆ ಕೂತು ಕಟ್ಟಿ ತೋರಿಸುವ ಭಾಗ ಇದರಲ್ಲಿಲ್ಲ. ಹೋಲಿಕೆ ಬೇಕೇಬೇಕಾದರೆ ವಾಹನ ಚಾಲನೆಯ ಲೈಸೆನ್ಸ್ ವಾಸಿ. ಎಲ್ಎಲ್‌ಗೆ ಕಂಪ್ಯೂಟರ್ ಮುಂದೆ ಕೂತು ರಸ್ತೆ ನಿಯಮಗಳ ಪ್ರಶ್ನೆಗೆ ಉತ್ತರಿಸಬೇಕು, ಡಿಎಲ್‌ಗೆ ಗಾಡಿ ಓಡಿಸಿ ತೋರಿಸಬೇಕು. ಈ ಸರ್ಟಿಫಿಕೇಟ್ ಮೊದಲನೆಯದರ ಜಾತಿಗೆ ಸೇರಿದ್ದು, ಅದಕ್ಕಿಂತ ಬಹಳ ಕಷ್ಟದ್ದು ಅಷ್ಟೆ. ಗಾಡಿ ಓಡಿಸಿದ್ದಕ್ಕೆ ಸಾಕ್ಷಿ ಹಿಂದೆ ಮಾಡಿದ ಕೆಲಸ. ಆದ್ದರಿಂದ ಸರ್ಟಿಫಿಕೇಶನ್‌ನ ಪ್ಯಾರಾದ ಪಕ್ಕದಲ್ಲೇ, ಇಂಥದೇ ಒಂದು ವೆಬ್‌ಸೈಟ್ ಸ್ಥಳಾಂತರಿಸಿದ ವಿವರ ಎರಡು ಸಾಲಿನಲ್ಲಿ ಇರಬೇಕು. ಅಂಥ ಕೆಲಸ ಇನ್ನೂ ಮಾಡಿಲ್ಲದವರು ಅದನ್ನು ಸರ್ಟಿಫಿಕೇಟಿನಿಂದ ಮುಚ್ಚುವ ಬದಲು, ಮೊದಲು ವೆಬ್‌ಸೈಟಿನ ಒಂದು ನಕಲನ್ನು ಅಲ್ಲಿ ನಡೆಸಿ ತೋರಿಸುತ್ತೇನೆ, ಹಣ ಆಮೇಲೆ ಎಂದು ಬರೆಯಬಹುದು.

ಇನ್ನು ಪುರಾವೆ. ಸರ್ಟಿಫಿಕೇಟಿನ ಪಿಡಿಎಫ್ ಲಗತ್ತಿಸುವುದು ರೂಢಿ, ಆದರೆ ಪಿಡಿಎಫ್ ತಿದ್ದುವುದು ಈಗ ಮಕ್ಕಳಿಗೂ ಗೊತ್ತು. ಪಾಸಾದವರಿಗೆ ಎಡಬ್ಲ್ಯೂಎಸ್ ಕ್ರೆಡ್ಲಿ ಎಂಬ ತಾಣದ ಮೂಲಕ ಡಿಜಿಟಲ್ ಬ್ಯಾಡ್ಜ್ ಕೊಡುತ್ತದೆ. ಆ ಪುಟದಲ್ಲಿ ಹೆಸರು, ಕೊಟ್ಟ ದಿನ, ಅವಧಿ ಮುಗಿಯುವ ದಿನ ಇರುತ್ತವೆ. ಅದನ್ನು ಪಾಸಾದವರು ತಮಗೆ ಬೇಕಾದಂತೆ ಬದಲಿಸಲಾಗದು. ಅಪರಿಚಿತ ಲಿಂಕ್ ಒತ್ತಿ ಖಾತೆ ಖಾಲಿಯಾದ ಕಥೆಗಳನ್ನು ಕೇಳಿರುವ ವ್ಯಾಪಾರಿ ಲಿಂಕ್ ಕಂಡರೆ ಹೆದರುವುದು ಸಹಜ. ವಿಳಾಸ credly.com ಎಂದಿರುತ್ತದೆ, ನೋಡಲು ಪಾಸ್‌ವರ್ಡ್ ಆಗಲಿ ಓಟಿಪಿ ಆಗಲಿ ಬೇಕಿಲ್ಲ ಎಂದು ಒಂದು ಸಾಲು ಸೇರಿಸಿದರೆ ಹೆದರಿಕೆ ಕಡಿಮೆಯಾಗುತ್ತದೆ.

ಕನ್ನಡದವರಿಗೆ ಇಲ್ಲೊಂದು ವಿಶೇಷ ತೊಡಕಿದೆ. ಪರೀಕ್ಷೆಗೆ ನೋಂದಾಯಿಸುವಾಗ ಹೆಸರು ಗುರುತಿನ ಚೀಟಿಯಲ್ಲಿರುವಂತೆಯೇ ಇರಬೇಕು. ಪಾಸ್‌ಪೋರ್ಟಿನಲ್ಲಿ ಊರಿನ ಹೆಸರು, ತಂದೆಯ ಹೆಸರು ಪೂರ್ತಿ ಬಿಡಿಸಿಕೊಂಡು ಮೂರು ಪದವಾಗಿರುತ್ತವೆ. ಪ್ರಪೋಸಲ್ ಕೆಳಗಿನ ಸಹಿಯಲ್ಲಿ ಎರಡು ಇನಿಷಿಯಲ್ ಮತ್ತು ಕರೆಯುವ ಹೆಸರು. ಬ್ಯಾಡ್ಜ್ ತೆರೆದ ವ್ಯಾಪಾರಿಗೆ ಕಾಣುವುದು ಬೇರೆ ಯಾರದ್ದೋ ಹೆಸರಿನಂತಿರುತ್ತದೆ. ಹೆಚ್ಚಿನವರು ಇದನ್ನು ಕೇಳುವುದಿಲ್ಲ, ಮನಸ್ಸಿನಲ್ಲೇ ಅನುಮಾನ ಇಟ್ಟುಕೊಂಡು ಸುಮ್ಮನಾಗುತ್ತಾರೆ. ಪ್ರಪೋಸಲ್‌ನಲ್ಲಿ ಒಂದು ಕಡೆಯಾದರೂ ಪೂರ್ತಿ ಹೆಸರು ಬರೆದರೆ ಈ ಗೊಂದಲವೇ ಇರುವುದಿಲ್ಲ.

ಅವಧಿ ಮುಗಿದ ಸರ್ಟಿಫಿಕೇಟಿನದು ಇನ್ನೊಂದು ಸಮಸ್ಯೆ. ಮೂರು ವರ್ಷವಾದ ಮೇಲೆ ಚಾಲ್ತಿಯಲ್ಲಿರುವ ಪರೀಕ್ಷೆಯನ್ನು ಮತ್ತೆ ಪಾಸು ಮಾಡಬೇಕು, ಇಲ್ಲವೇ ಅದಕ್ಕಿಂತ ಮೇಲಿನ ಪ್ರೊಫೆಷನಲ್ ಹಂತದ್ದನ್ನು ಪಾಸು ಮಾಡಿದರೆ ಇದೂ ನವೀಕರಣವಾಗುತ್ತದೆ. ಎರಡೂ ಆಗಿಲ್ಲದಿದ್ದರೆ ‘ಸರ್ಟಿಫೈಡ್’ ಎಂದು ಬರೆಯುವಂತಿಲ್ಲ. ಇಂಥ ವರ್ಷ ಪಾಸು ಮಾಡಿದ್ದೆ, ಇಂಥ ತಿಂಗಳಿಗೆ ಅವಧಿ ಮುಗಿಯಿತು ಎಂದು ಬರೆಯಬಹುದು. ಕೆಲಸ ನಡೆಯುವ ಮಧ್ಯೆ ಅವಧಿ ಮುಗಿಯುವುದಾದರೆ ಅದನ್ನೂ ಆ ಪ್ಯಾರಾದಲ್ಲೇ ಹೇಳಿಡಬೇಕು. ಮುಗಿಯುವ ದಿನಾಂಕ ಹೇಗೂ ಬ್ಯಾಡ್ಜ್‌ನ ಪುಟದಲ್ಲಿ ಇದ್ದೇ ಇರುತ್ತದೆ.