ಮನೆಗಳ ಎಣಿಕೆಯೂ ಮಾಹಿತಿಯ ತೂಕವೂ

ಅನ್ನವು ಬೆಂದಿದೆಯೋ ಇಲ್ಲವೋ ಎಂದು ತಿಳಿಯಲು ಒಂದು ಅಗುಳನ್ನು ಹಿಸುಕಿ ನೋಡಿದರೆ ಸಾಕೆಂಬುದು ನಮ್ಮ ಮನೆಗಳಲ್ಲಿ ಎಲ್ಲರೂ ಬಲ್ಲ ಮಾತು. ಒಂದೇ ಪಾತ್ರೆಯಲ್ಲಿ, ಒಂದೇ ನೀರಿನಲ್ಲಿ ಕುದಿದ ಅಗುಳುಗಳೆಲ್ಲವೂ ಬಹುಮಟ್ಟಿಗೆ ಒಂದೇ ಸ್ಥಿತಿಯಲ್ಲಿರುವುದರಿಂದ ಈ ಮಾತು ಸಲ್ಲುತ್ತದೆ. ಆದರೆ ಜಿಲ್ಲೆಗಳ ಮನೆಗಳು ಹೀಗೆ ಒಂದೇ ಪಾತ್ರೆಯಲ್ಲಿ ಬೆಂದವುಗಳಲ್ಲ. ಒಂದು ಊರಿನ ಮನೆಗಳು ಒಂದು ಬಗೆಯಾಗಿಯೂ, ಹತ್ತು ಮೈಲಿ ಆಚೆಯ ಊರಿನ ಮನೆಗಳು ಇನ್ನೊಂದು ಬಗೆಯಾಗಿಯೂ ಇರುವುವು. ಆದುದರಿಂದ ಕೆಲವು ಮನೆಗಳನ್ನು ವಿಚಾರಿಸಿ ಎಲ್ಲಾ ಮನೆಗಳ ಸ್ಥಿತಿಯನ್ನು ಹೇಳಬೇಕಾದವರು, ಎಷ್ಟು ಮನೆಗಳನ್ನು ಕೇಳಿದೆವೆಂಬುದನ್ನು ಮಾತ್ರವಲ್ಲ, ಆ ಮನೆಗಳನ್ನು ಎಲ್ಲೆಲ್ಲಿಂದ ಆರಿಸಿದೆವೆಂಬುದನ್ನೂ ಲೆಕ್ಕಕ್ಕೆ ತರಬೇಕು.

ಮೂರು ಜಿಲ್ಲೆಗಳಲ್ಲಿ ಎಷ್ಟು ಮನೆಗಳಿಗೆ ನಲ್ಲಿಯ ನೀರು ಅಂಗಳದವರೆಗೆ ಬಂದಿದೆಯೆಂದು ತಿಳಿಯಬೇಕಾಗಿದೆ ಎಂದು ಭಾವಿಸೋಣ. ಲೆಕ್ಕವು ಸುಲಭವಾಗುವಂತೆ ಮೂರೂ ಜಿಲ್ಲೆಗಳು ಸಮಾನ ಗಾತ್ರದವು ಎಂದಿಟ್ಟುಕೊಳ್ಳೋಣ. ಎಲ್ಲಾ ಮನೆಗಳ ಹೆಸರುಗಳನ್ನು ಚೀಟಿಗಳಲ್ಲಿ ಬರೆದು, ಕಲಸಿ, 1,320 ಚೀಟಿಗಳನ್ನು ಎತ್ತುವುದು ಅತ್ಯಂತ ಸರಳವಾದ ಕ್ರಮ. ಆದರೆ ಮೂರು ಜಿಲ್ಲೆಗಳ ಸಮಸ್ತ ಮನೆಗಳ ಇಂದಿನ ಪಟ್ಟಿಯು ಯಾರ ಕೈಯಲ್ಲಿಯೂ ಇರುವುದಿಲ್ಲ. ಇದ್ದರೂ, ಚೀಟಿಯಲ್ಲಿ ಬಂದ ಮನೆಗಳು ನೂರಾರು ಊರುಗಳಲ್ಲಿ ಒಂದೊಂದಾಗಿ ಚದರಿರುವುದರಿಂದ, ವಿಚಾರಿಸುವವರ ದಿನಗಳೆಲ್ಲಾ ದಾರಿಯಲ್ಲಿಯೇ ಕಳೆಯುವುವು. ಊರುಗಳ ಪಟ್ಟಿಯಾದರೋ ಜನಗಣತಿಯಿಂದ ದೊರೆಯುತ್ತದೆ. ಆದುದರಿಂದ ಮೊದಲು 60 ಊರುಗಳನ್ನು ಚೀಟಿಯಿಂದ ಆರಿಸಿ, ಆ ಊರುಗಳಲ್ಲಿ ಮಾತ್ರ ಮನೆಗಳ ಪಟ್ಟಿಯನ್ನು ಹೊಸದಾಗಿ ಬರೆದು, ಒಂದೊಂದರಿಂದ 22 ಮನೆಗಳನ್ನು ತೆಗೆದುಕೊಳ್ಳುವರು. ಆಗಲೂ 1,320 ಮನೆಗಳೇ ಆದುವು. ಹೀಗೆ ಗುಂಪುಗುಂಪಾಗಿ ಆರಿಸುವುದಕ್ಕೆ ಗುಚ್ಛ ಮಾದರಿ ಎಂದು ಹೆಸರು.

ಇಲ್ಲಿ ದೊಡ್ಡ ಊರಿಗೂ ಸಣ್ಣ ಊರಿಗೂ ಅನ್ಯಾಯವಾಗದಂತೆ ಒಂದು ಏರ್ಪಾಡುಂಟು. 400 ಮನೆಗಳ ಊರಿಗೆ 100 ಮನೆಗಳ ಊರಿಗಿಂತ ನಾಲ್ಕು ಪಾಲು ಹೆಚ್ಚು ಅವಕಾಶವಿರುವಂತೆ ಚೀಟಿಗಳನ್ನು ಹಾಕುವರು. ಆದರೆ ದೊಡ್ಡ ಊರಿನೊಳಗೆ ಒಂದು ಮನೆಯು 22ರಲ್ಲಿ ಸೇರುವ ಅವಕಾಶವು ಸಣ್ಣ ಊರಿನದರ ನಾಲ್ಕನೆಯ ಒಂದು ಪಾಲಷ್ಟೆ. ಒಂದು ಕಡೆ ಹೆಚ್ಚಿದ್ದು ಇನ್ನೊಂದು ಕಡೆ ಕಡಿಮೆಯಾಗಿ, ಕೊನೆಗೆ ಎಲ್ಲಾ ಮನೆಗಳಿಗೂ ಸಮಾನವಾದ ಅವಕಾಶವೇ ದೊರೆಯುತ್ತದೆ.

ಹಾಗಾದರೆ ಗುಚ್ಛ ಮಾದರಿಯಲ್ಲಿ ನಷ್ಟವೇನು? ನೆರೆಹೊರೆಯ ಮನೆಗಳು ಒಂದನ್ನೊಂದು ಹೋಲುತ್ತವೆ ಎಂಬುದೇ ನಷ್ಟ. ನೀರಿನ ಕೊಳವೆಯು ಒಂದು ಊರಿಗೆ ಬಂದರೆ ಬಹಳ ಮನೆಗಳಿಗೆ ಬರುತ್ತದೆ, ಬಾರದಿದ್ದರೆ ಯಾರಿಗೂ ಇಲ್ಲ. ನಾಲ್ಕು ಮನೆಗಳಲ್ಲಿ ಕೇಳಿದ ಮೇಲೆ ಐದನೆಯ ಮನೆಯ ಉತ್ತರವನ್ನು ನಾವೇ ಊಹಿಸಬಹುದು. ಊಹಿಸಬಹುದಾದ ಉತ್ತರವು ಹೊಸದೇನನ್ನೂ ತಿಳಿಸುವುದಿಲ್ಲ. ಆದುದರಿಂದ 1,320 ಮನೆಗಳನ್ನು ಕೇಳಿದರೂ 1,320 ಮನೆಗಳಷ್ಟು ತಿಳುವಳಿಕೆಯು ನಮಗೆ ದೊರೆಯದು.

ಈ ನಷ್ಟವನ್ನು ಅಳೆಯುವ ಬಗೆಯನ್ನು ನಾಣ್ಯದಿಂದ ತಿಳಿಯಬಹುದು. ಅರ್ಧ ಮನೆಗಳಿಗೆ ನಲ್ಲಿಯಿದ್ದು, ನೆರೆಹೊರೆಯ ಹೋಲಿಕೆಯು ಏನೂ ಇಲ್ಲದಿದ್ದರೆ, ಒಂದು ಊರಿನ 22 ಮನೆಗಳನ್ನು ಕೇಳುವುದು ನಾಣ್ಯವನ್ನು 22 ಸಾರಿ ಚಿಮ್ಮಿದಂತೆ. ರಾಜಮುಖವು ಸರಾಸರಿ 11 ಸಾರಿ ಬೀಳುವುದು. ಒಂದು ಸಾರಿ 9, ಇನ್ನೊಂದು ಸಾರಿ 13 ಆಗಬಹುದು. 6ಕ್ಕಿಂತ ಕೆಳಗೆ, 16ಕ್ಕಿಂತ ಮೇಲೆ ಹೋಗುವುದು ಬಹು ಅಪರೂಪ. ಈ ಏರಿಳಿತದ ಅಳತೆಯು 22ನ್ನು ಅರ್ಧದಿಂದಲೂ ಮತ್ತೆ ಅರ್ಧದಿಂದಲೂ ಗುಣಿಸಿದಷ್ಟು, ಎಂದರೆ 5.5. ಈಗ ಆರು ಊರುಗಳಲ್ಲಿ ನಲ್ಲಿಯುಳ್ಳ ಮನೆಗಳು ಕ್ರಮವಾಗಿ 19, 17, 16, 6, 5, 3 ಕಂಡುಬಂದುವೆಂದಿಟ್ಟುಕೊಳ್ಳಿರಿ. ಇಷ್ಟು ಕಡಿಮೆ ಊರುಗಳಿಂದ ನಿಜವಾದ ಸರ್ವೇಯಲ್ಲಿ ತೀರ್ಮಾನ ಮಾಡಲಾಗದು. ಲೆಕ್ಕದ ದಾರಿಯನ್ನು ತೋರಿಸುವುದಕ್ಕೆ ಮಾತ್ರ ಇವು ಸಾಕು. ಇವುಗಳ ಸರಾಸರಿಯೂ 11 ಆಗಿದೆ. ಸರಾಸರಿಯಿಂದ ಇವು ಸರಿದಿರುವುದು 8, 6, 5, 5, 6, 8. ಇವುಗಳ ವರ್ಗಗಳನ್ನು ಕೂಡಿಸಿದರೆ 250. ಊರುಗಳ ಸಂಖ್ಯೆಗೆ ಒಂದು ಕಡಿಮೆ, ಎಂದರೆ 5ರಿಂದ ಭಾಗಿಸಿದರೆ 50. ನಾಣ್ಯದ ಏರಿಳಿತವು 5.5, ಊರುಗಳ ಏರಿಳಿತವು 50. ಎಂದರೆ ಸುಮಾರು 9 ಪಾಲು ಹೆಚ್ಚು.

ಈ 9 ಎಂಬುದೇ ವಿನ್ಯಾಸ ಪರಿಣಾಮ. ಡಿಸೈನ್ ಎಫೆಕ್ಟ್ ಎಂಬ ಈ ಹೆಸರನ್ನು ಬಳಕೆಗೆ ತಂದವರು ಲೆಸ್ಲಿ ಕಿಶ್ ಎಂಬ ಅಮೆರಿಕದ ಸಂಖ್ಯಾಶಾಸ್ತ್ರಜ್ಞರು. ಅವರ ಪ್ರಸಿದ್ಧ ಗ್ರಂಥವು 1965ರಲ್ಲಿ ಹೊರಬಿತ್ತು. ನಮ್ಮ ಉದಾಹರಣೆಯಲ್ಲಿ ಅದರ ಅರ್ಥವೇನೆಂದರೆ, ಗುಚ್ಛಗಳಿಂದ ಕೇಳಿದ 1,320 ಮನೆಗಳು, ಬಿಡಿಬಿಡಿಯಾಗಿ ಚೀಟಿಯೆತ್ತಿ ಕೇಳಿದ ಸುಮಾರು 147 ಮನೆಗಳಿಗೆ ಮಾತ್ರ ಸಮವಾದುವು. ನೂರಕ್ಕೆ 50 ಮನೆಗಳಿಗೆ ನಲ್ಲಿಯಿದೆ ಎಂಬ ಉತ್ತರಕ್ಕೆ, 3 ಹೆಚ್ಚು ಕಡಿಮೆಯಿರಬಹುದೆಂದು ಹೇಳುವ ಬದಲು 8 ಹೆಚ್ಚು ಕಡಿಮೆಯಿರಬಹುದೆಂದು ಹೇಳಬೇಕಾಯಿತು. ಪಾಲು 9 ಹೆಚ್ಚಿದರೆ ಸಂಶಯದ ಅಗಲವು ಅದರ ವರ್ಗಮೂಲದಷ್ಟು, ಎಂದರೆ ಮೂರು ಪಾಲು ಹೆಚ್ಚುತ್ತದೆ.

ಈ ಪರಿಣಾಮವು ಎರಡು ಸಂಗತಿಗಳಿಂದ ಹುಟ್ಟುತ್ತದೆ: ನೆರೆಹೊರೆಯ ಹೋಲಿಕೆಯ ಬಲ, ಮತ್ತು ಒಂದೊಂದು ಊರಿನಲ್ಲಿ ಕೇಳಿದ ಮನೆಗಳ ಸಂಖ್ಯೆ. ಊರೊಂದರ ಮನೆಗಳ ಸಂಖ್ಯೆಯಲ್ಲಿ ಒಂದನ್ನು ಕಳೆದು, ಹೋಲಿಕೆಯ ಬಲದಿಂದ ಗುಣಿಸಿ, ಒಂದನ್ನು ಕೂಡಿಸಿದರೆ ವಿನ್ಯಾಸ ಪರಿಣಾಮವು ಬರುತ್ತದೆ. ಹೋಲಿಕೆಯ ಬಲವು ಏನೂ ಹೋಲಿಕೆಯಿಲ್ಲದಾಗ ಸೊನ್ನೆ, ಊರೆಲ್ಲಾ ಒಂದೇ ಆದಾಗ 1. ನಮ್ಮ ಉದಾಹರಣೆಯಲ್ಲಿ ಅದು ಸುಮಾರು 0.38. ಈಗ ಹಣವು ಹೆಚ್ಚು ದೊರೆಯಿತೆಂದು ಅದೇ 60 ಊರುಗಳಲ್ಲಿ 22ರ ಬದಲು 44 ಮನೆಗಳನ್ನು ಕೇಳಿದರೆ, ಪರಿಣಾಮವು ಸುಮಾರು 17ಕ್ಕೆ ಏರಿ, 2,640 ಮನೆಗಳ ಬೆಲೆಯು 152 ಮನೆಗಳಷ್ಟೇ ಆಗುವುದು. ಕೆಲಸವು ಇಮ್ಮಡಿಯಾಯಿತು, ಲಾಭವು ಐದು ಮನೆಗಳದು. ಇದಕ್ಕೆ ಬದಲಾಗಿ 120 ಊರುಗಳಲ್ಲಿ 11ರಂತೆ ಕೇಳಿದರೆ, ಮನೆಗಳು ಮೊದಲಿನಷ್ಟೇ ಆದರೂ ಬೆಲೆಯು ಸುಮಾರು 275ಕ್ಕೆ ಏರುವುದು. ಇದಕ್ಕಾಗಿ ಪ್ರಯಾಣದ ವೆಚ್ಚವನ್ನು ತೆರಬೇಕಾಗುವುದು ನಿಜ. ಆದರೂ ಊರುಗಳನ್ನು ಹೆಚ್ಚಿಸುವುದರಿಂದ ಬರುವ ಬಲವು ಊರೊಳಗಣ ಮನೆಗಳನ್ನು ಹೆಚ್ಚಿಸುವುದರಿಂದ ಬಾರದು.

ಇನ್ನು ಸ್ತರ ಮಾದರಿಯ ವಿಷಯ. ಮೇಲಿನ ಆರು ಊರುಗಳನ್ನೇ ಜಿಲ್ಲೆಗೆ ಎರಡರಂತೆ ಹಂಚೋಣ. ಮೊದಲನೆಯ ಜಿಲ್ಲೆಯವು 19 ಮತ್ತು 17, ಎರಡನೆಯದರವು 16 ಮತ್ತು 6, ಮೂರನೆಯದರವು 5 ಮತ್ತು 3 ಆಗಿರಲಿ. ಚೀಟಿಯನ್ನು ಮೂರು ಜಿಲ್ಲೆಗಳಿಗೂ ಸೇರಿಸಿ ಎತ್ತಿದರೆ, ನೀರುಳ್ಳ ಜಿಲ್ಲೆಯ ಊರುಗಳೇ ಹೆಚ್ಚಾಗಿ ಬೀಳುವ ಅಪಾಯವುಂಟು. ಪ್ರತಿ ಜಿಲ್ಲೆಯಿಂದಲೂ 20 ಊರುಗಳನ್ನು ಪ್ರತ್ಯೇಕವಾಗಿ ಎತ್ತಿದರೆ ಆ ಅಪಾಯವೇ ಇಲ್ಲ. ಜಿಲ್ಲೆಗೂ ಜಿಲ್ಲೆಗೂ ಇರುವ ಅಂತರವು ಅದೃಷ್ಟದ ಕೈಯಿಂದ ತಪ್ಪಿ, ಜಿಲ್ಲೆಯ ಒಳಗಣ ಅಂತರವು ಮಾತ್ರ ಸಂಶಯಕ್ಕೆ ಕಾರಣವಾಗಿ ಉಳಿಯುತ್ತದೆ. ಒಂದೊಂದು ಜಿಲ್ಲೆಯೊಳಗೆ ಏರಿಳಿತವನ್ನು ಲೆಕ್ಕಮಾಡಿದರೆ ಕ್ರಮವಾಗಿ 2, 50, 2, ಸರಾಸರಿ 18. ಅದನ್ನು 5.5ರಿಂದ ಭಾಗಿಸಿದರೆ ಸುಮಾರು 3.3. ಒಂಬತ್ತಾಗಿದ್ದ ಪರಿಣಾಮವು ಮೂರಕ್ಕೆ ಇಳಿಯಿತು, 147 ಮನೆಗಳ ಬೆಲೆಯು 400ಕ್ಕೆ ಏರಿತು.

ಸ್ತರವೂ ಗುಚ್ಛವೂ ಗುಂಪುಗಳೇ ಆದರೂ, ಅವುಗಳಿಂದ ನಾವು ಬಯಸುವುದು ಪರಸ್ಪರ ವಿರುದ್ಧವಾದುದು. ಎಲ್ಲಾ ಸ್ತರಗಳಿಗೂ ನಾವು ಹೋಗುತ್ತೇವೆ. ಆದುದರಿಂದ ಸ್ತರದ ಒಳಗೆ ಎಲ್ಲವೂ ಒಂದೇ ರೀತಿಯಾಗಿದ್ದು, ಸ್ತರಗಳು ತಮ್ಮ ತಮ್ಮಲ್ಲಿ ಬೇರೆಯಾಗಿರುವುದು ಒಳ್ಳೆಯದು. ಗುಚ್ಛಗಳಲ್ಲಿ ಕೆಲವಕ್ಕೆ ಮಾತ್ರ ಹೋಗುತ್ತೇವೆ. ಆದುದರಿಂದ ಒಂದೊಂದು ಗುಚ್ಛವೂ ತನ್ನೊಳಗೆ ಎಲ್ಲಾ ಬಗೆಯ ಮನೆಗಳನ್ನು ಹೊಂದಿರುವುದು ಒಳ್ಳೆಯದು. ಜಿಲ್ಲೆಗಳ ನಡುವೆ ಕೇಳಿದ ವಿಷಯದಲ್ಲಿ ಅಂತರವೇ ಇಲ್ಲದಿದ್ದರೆ ಸ್ತರಗಳಿಂದ ಸಂಶಯವು ಕುಗ್ಗದು.

ನಿಜವಾದ ಸರ್ವೇಗಳಲ್ಲಿ ಎರಡೂ ಕೂಡಿಯೇ ಇರುತ್ತವೆ. 2019ರಿಂದ 2021ರವರೆಗೆ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯು ನಮ್ಮ ದೇಶದ 707 ಜಿಲ್ಲೆಗಳಲ್ಲಿ 6,36,699 ಮನೆಗಳನ್ನು ವಿಚಾರಿಸಿತು. ಪ್ರತಿ ಜಿಲ್ಲೆಯನ್ನೂ ಗ್ರಾಮಭಾಗ, ನಗರಭಾಗ ಎಂದು ವಿಂಗಡಿಸಿ, 2011ರ ಜನಗಣತಿಯ ಪಟ್ಟಿಯಿಂದ ಊರುಗಳನ್ನು ಆರಿಸಿ, ಒಂದೊಂದು ಗುಚ್ಛದಿಂದ 22 ಮನೆಗಳನ್ನು ತೆಗೆದುಕೊಂಡರು. ಊರುಗಳನ್ನು ಮನೆಗಳ ಸಂಖ್ಯೆಯಿಂದಲೂ ಪರಿಶಿಷ್ಟ ಜಾತಿ ಪಂಗಡಗಳ ಪ್ರಮಾಣದಿಂದಲೂ ಇನ್ನೂ ಸಣ್ಣ ಸ್ತರಗಳಾಗಿ ಮಾಡಿ, ಅವುಗಳೊಳಗೆ ಸ್ತ್ರೀಯರ ಸಾಕ್ಷರತೆಯ ಕ್ರಮದಲ್ಲಿ ಜೋಡಿಸಿದ್ದರು.

ಒಂದು ಸರ್ವೇಗೆ ಒಂದೇ ವಿನ್ಯಾಸ ಪರಿಣಾಮವೆಂದು ತಿಳಿಯಬಾರದು. ಅದು ಪ್ರಶ್ನೆಗೊಂದರಂತೆ ಬೇರೆಯಾಗುತ್ತದೆ. ಅವೇ ಮನೆಗಳಲ್ಲಿ, ಹುಟ್ಟಿದ ಮಗು ಹೆಣ್ಣೋ ಗಂಡೋ ಎಂದು ಕೇಳಿದರೆ, ನೆರೆಮನೆಗೂ ಅದಕ್ಕೂ ಸಂಬಂಧವಿಲ್ಲದಿರುವುದರಿಂದ ಪರಿಣಾಮವು 1ರ ಹತ್ತಿರವೇ ಇರುವುದು. ಮಕ್ಕಳ ಲಸಿಕೆಯನ್ನು ತಿಳಿಯಲು ವಿಶ್ವ ಆರೋಗ್ಯ ಸಂಸ್ಥೆಯು ಹರಡಿದ ಹಳೆಯ ಕ್ರಮದಲ್ಲಿ 30 ಗುಚ್ಛಗಳು, ಒಂದೊಂದರಲ್ಲಿ 7 ಮಕ್ಕಳು. ನೂರಕ್ಕೆ 10 ಹೆಚ್ಚು ಕಡಿಮೆಯೊಳಗೆ ಉತ್ತರವು ಬರಲು ಬಿಡಿಯಾಗಿ 96 ಮಕ್ಕಳು ಸಾಕು. ಪರಿಣಾಮವು 2 ಎಂದು ಎಣಿಸಿ ಅದನ್ನು 192 ಮಾಡಿದರು. 30ರಿಂದ ಭಾಗಿಸಿ ಮೇಲಕ್ಕೆ ಪೂರ್ಣಮಾಡಿದ್ದರಿಂದ 7 ಬಂದಿತು. ಆದರೆ ಒಂದು ಊರಿಗೆ ಲಸಿಕೆಯವರು ಬಂದು ಇನ್ನೊಂದನ್ನು ಪೂರ್ತಿ ಬಿಟ್ಟಿರುವಲ್ಲಿ ಈ ಎರಡು ಸಾಲದು.

ಈ ಲೆಕ್ಕವನ್ನು ಬಿಟ್ಟವರು ಇಲ್ಲದ ಬದಲಾವಣೆಯನ್ನು ಕಾಣುವರು. ನಮ್ಮ ಮೂರು ಜಿಲ್ಲೆಗಳಲ್ಲಿ ಮೊದಲ ಸಾರಿ ನೂರಕ್ಕೆ 50 ಮನೆಗಳಿಗೂ, ಕೆಲವು ವರ್ಷಗಳ ಮೇಲೆ 56 ಮನೆಗಳಿಗೂ ನಲ್ಲಿಯು ಕಂಡುಬಂದಿತೆನ್ನಿರಿ. 1,320 ಬಿಡಿ ಮನೆಗಳೆಂದು ಲೆಕ್ಕಹಾಕಿದರೆ, 4ಕ್ಕಿಂತ ಹೆಚ್ಚಿನ ಅಂತರವನ್ನು ನಂಬಬಹುದು. ಆದುದರಿಂದ ನೀರಿನ ಕೆಲಸವು ಮುಂದುವರಿದಿದೆಯೆಂದು ವರದಿಯಾಗುವುದು. ಪರಿಣಾಮವು 3.3 ಎಂಬುದನ್ನು ಸೇರಿಸಿದರೆ ಸುಮಾರು 7ರವರೆಗಿನ ಅಂತರವು ಬರಿಯ ಅದೃಷ್ಟದಿಂದಲೂ ಬರಬಲ್ಲದು. ಆಗ ಮುಂದುವರಿದಿದೆ ಎಂದು ಹೇಳಲು ಆಧಾರವಿಲ್ಲ, ಕೊಡ ಹೊತ್ತವರು ಇನ್ನೂ ಹೊರುತ್ತಲೇ ಇರಬಹುದು.

ಕೊನೆಯದಾಗಿ ಎರಡು ಎಚ್ಚರಿಕೆಗಳು. 2011ರಲ್ಲಿ ಬೆಳಗಾವಿ ಜಿಲ್ಲೆಯಲ್ಲಿ ಸುಮಾರು 48 ಲಕ್ಷ ಜನರೂ, ಕೊಡಗಿನಲ್ಲಿ ಸುಮಾರು 5.5 ಲಕ್ಷ ಜನರೂ ಇದ್ದರು. ಇಂಥ ಜಿಲ್ಲೆಗಳಿಂದ ಸಮಾನವಾಗಿ ಮನೆಗಳನ್ನು ಕೇಳಿದರೆ, ಒಟ್ಟು ಸರಾಸರಿಯಲ್ಲಿ ಒಂದೊಂದಕ್ಕೆ ಅದರ ಗಾತ್ರದಷ್ಟು ತೂಕವನ್ನು ಕೊಡಲೇಬೇಕು. ಆ ತೂಕಗಳೂ ಒಟ್ಟು ಉತ್ತರದ ವಿನ್ಯಾಸ ಪರಿಣಾಮವನ್ನು ಸ್ವಲ್ಪ ಏರಿಸುವುವು. ಎರಡನೆಯದಾಗಿ, ಬೀಗ ಹಾಕಿದ ಮನೆಗಳನ್ನು ಬಿಟ್ಟು ಬಂದುದನ್ನೂ, ಪಟ್ಟಿ ಬರೆಯುವಾಗ ಊರಾಚೆಯ ಗುಡಿಸಲುಗಳನ್ನು ಮರೆತುದನ್ನೂ ಈ ಸಂಖ್ಯೆಯು ತೋರಿಸದು. ಕೇಳಿದ ಮನೆಗಳಿಂದ ಎಷ್ಟು ತಿಳಿಯಿತೆಂಬುದನ್ನು ಮಾತ್ರ ಅದು ಹೇಳುತ್ತದೆ. ಕೇಳದೆ ಬಿಟ್ಟ ಮನೆಗಳ ಕಥೆಯನ್ನು ತಿಳಿಯಲು ಮತ್ತೊಮ್ಮೆ ಹೋಗಿ ಬಾಗಿಲು ತಟ್ಟುವುದೇ ಉಪಾಯ.