ಸುಮ್ಮನಾದ ಕೌಂಟರ್ ಯಾವುದು?

ಸೂಪರ್ ಮಾರ್ಕೆಟ್ಟಿನ ಬಿಲ್ಲಿಂಗ್ ಕೌಂಟರಿಗೆ ಹೆಡ್ ಆಫೀಸಿನ ಸಂಪರ್ಕ ಕಡಿದುಹೋದರೆ ಏನಾಗುತ್ತದೆ? ನೋಡುವವರ ಕಣ್ಣಿಗೆ ಏನೂ ಆಗುವುದಿಲ್ಲ. ಕ್ಯಾಷಿಯರ್ ಬಾರ್‌ಕೋಡ್ ತೋರಿಸುತ್ತಾರೆ, ಬೆಲೆ ಬರುತ್ತದೆ, ಬಿಲ್ ಮುದ್ರಣವಾಗುತ್ತದೆ. ಹಾಗೆಂದೇ ಈ ತಂತ್ರಾಂಶಗಳನ್ನು ಕಟ್ಟಿರುತ್ತಾರೆ. ಸಂಜೆ ಏಳರ ಗಿರಾಕಿಗಳ ಸಾಲನ್ನು ಇಂಟರ್ನೆಟ್ ಬರುವ ತನಕ ನಿಲ್ಲಿಸಲು ಯಾವ ಅಂಗಡಿಗೂ ಸಾಧ್ಯವಿಲ್ಲ. ಆದ್ದರಿಂದ ವಸ್ತುಗಳ ಬೆಲೆಪಟ್ಟಿಯ ಒಂದು ನಕಲು ಆಯಾ ಕೌಂಟರಿನ ಕಂಪ್ಯೂಟರಿನಲ್ಲೇ ಇರುತ್ತದೆ. ಬಿಲ್ಲುಗಳೂ ಮೊದಲು ಅಲ್ಲೇ ಉಳಿದು, ಆಮೇಲೆ ಹೆಡ್ ಆಫೀಸಿನ ಸರ್ವರಿಗೆ ಹೋಗುತ್ತವೆ.

ಕಾರ್ಡಿನ ಮೆಷಿನ್ನಿಗೂ ಯುಪಿಐ ಹಣ ಬಂತೆಂದು ಕೂಗುವ ಸೌಂಡ್‌ಬಾಕ್ಸಿಗೂ ಸಾಮಾನ್ಯವಾಗಿ ತಮ್ಮದೇ ಸಿಮ್ ಇರುವುದರಿಂದ ಅವೂ ಎಂದಿನಂತೆ ನಡೆಯುತ್ತವೆ. ರಾತ್ರಿ ಬಾಗಿಲು ಹಾಕುವಾಗ ಮ್ಯಾನೇಜರ್ ಕೌಂಟರಿನ ಲೆಕ್ಕದ ಚೀಟಿ ತೆಗೆದು ಗಲ್ಲಾಪೆಟ್ಟಿಗೆಯ ಹಣಕ್ಕೆ ತಾಳೆ ನೋಡಿದರೆ ಅದೂ ಸರಿಹೋಗುತ್ತದೆ, ಏಕೆಂದರೆ ಆ ಚೀಟಿ ಬರುವುದೂ ಅದೇ ಕಂಪ್ಯೂಟರಿನಿಂದ. ಹೀಗಾಗಿ ಅಂಗಡಿಯಿಂದ ದೂರಿನ ಫೋನು ಬರುವುದಿಲ್ಲ. ಹೆಡ್ ಆಫೀಸಿನವರಿಗೆ ಆ ಊರಿನ ವ್ಯಾಪಾರ ಸ್ವಲ್ಪ ಇಳಿದಂತೆ ಕಾಣುತ್ತದೆ, ಅಷ್ಟೇ. ಅದಕ್ಕೆ ಮಳೆ, ತಿಂಗಳ ಕೊನೆ, ಎದುರಿಗೆ ತೆರೆದ ಹೊಸ ಅಂಗಡಿ ಎಂದು ಕಾರಣಗಳು ಸುಲಭವಾಗಿ ಸಿಗುತ್ತವೆ.

ಕೆಟ್ಟ ಕೌಂಟರ್ ತಾನು ಕೆಟ್ಟಿದ್ದೇನೆಂದು ಹೇಳಲಾರದು. ಹೇಳುವ ದಾರಿಯೇ ಅಲ್ಲವೇ ಕಡಿದದ್ದು? ಆದ್ದರಿಂದ ಇಲ್ಲಿ ತಿರುಗಾ ಮುರುಗಾ ಕೆಲಸ ಮಾಡಬೇಕಾಗುತ್ತದೆ. ಪ್ರತಿ ಕೌಂಟರೂ ಎರಡು ನಿಮಿಷಕ್ಕೊಮ್ಮೆ ಸರ್ವರಿಗೆ ಒಂದು ಸಣ್ಣ ಸಂದೇಶ ಕಳಿಸುತ್ತದೆ. ಈ ಕೆಲಸದಲ್ಲಿರುವವರು ಅದನ್ನು ಹಾರ್ಟ್‌ಬೀಟ್ ಎನ್ನುತ್ತಾರೆ. ಬಿಲ್ ಆಗಲಿ ಆಗದಿರಲಿ, ಅದು ಹೋಗುತ್ತಿರಬೇಕು. ಯಾವ ಕೌಂಟರಿನಿಂದ ಕೊನೆಯ ಸಂದೇಶ ಎಷ್ಟು ಹೊತ್ತಿಗೆ ಬಂತು ಎಂಬುದನ್ನು ನೋಡಿದರೆ ಸುಮ್ಮನಾದವರು ಯಾರೆಂದು ತಿಳಿಯುತ್ತದೆ. ಒಂದೆರಡು ಸಂದೇಶ ದಾರಿಯಲ್ಲಿ ತಪ್ಪುವುದು ಮಾಮೂಲು, ಹಾಗಾಗಿ ಹತ್ತು ನಿಮಿಷದ ಮೌನವನ್ನು ಗಡುವಾಗಿ ಇಟ್ಟುಕೊಳ್ಳುವುದು ಒಳ್ಳೆಯದು.

ಆದರೆ ಎಷ್ಟು ಹೊತ್ತಿಗೆ ಎಂದರೆ ಯಾರ ಗಡಿಯಾರದಲ್ಲಿ? ಸರ್ವರಿನ ಗಡಿಯಾರದಲ್ಲೇ ಆಗಬೇಕು. ಕೌಂಟರಿನ ಕಂಪ್ಯೂಟರುಗಳಲ್ಲಿ ಹಲವು ಹಳೆಯವು. ಮದರ್‌ಬೋರ್ಡಿನ ಮೇಲಿನ ನಾಣ್ಯದಂಥ ಬ್ಯಾಟರಿ ಸತ್ತಿದ್ದರೆ, ಕರೆಂಟು ಹೋಗಿ ಬಂದಾಗ ಅವುಗಳ ದಿನಾಂಕ ಹಲವು ವರ್ಷ ಹಿಂದಕ್ಕೆ ಜಿಗಿದಿರುತ್ತದೆ. ಅಂಥ ಕೌಂಟರ್ ಬರೆದು ಕಳಿಸಿದ ಸಮಯವನ್ನು ನಂಬಿದರೆ ಚೆನ್ನಾಗಿ ನಡೆಯುತ್ತಿರುವುದೇ ಸತ್ತಂತೆ ಕಾಣುತ್ತದೆ. ಗಡಿಯಾರ ಮುಂದಿದ್ದರೆ ಸತ್ತದ್ದೂ ಬದುಕಿದಂತೆ ಕಾಣುತ್ತದೆ. ಇನ್ನೊಂದು ಎಡವಟ್ಟು ಐದೂವರೆ ಗಂಟೆಯದು. ಸರ್ವರ್ ಸಮಯವನ್ನು ಗ್ರೀನಿಚ್ ಲೆಕ್ಕದಲ್ಲಿ ಬರೆದುಕೊಂಡು, ಪರದೆ ಅದನ್ನು ಭಾರತದ ಸಮಯದಿಂದ ಕಳೆದರೆ ಎಲ್ಲ ಕೌಂಟರುಗಳೂ 330 ನಿಮಿಷದಿಂದ ಸುಮ್ಮನಿರುವಂತೆ ತೋರುತ್ತವೆ. ಆಗ ಯಾರಾದರೂ ಬೇಸತ್ತು ಗಡುವನ್ನು ಆರು ಗಂಟೆಗೆ ಏರಿಸಿಬಿಟ್ಟರೆ ಪರದೆಯೇನೋ ಹಸಿರಾಗುತ್ತದೆ, ಆದರೆ ನಿಜವಾಗಿ ಕಡಿದುಹೋದ ಕೌಂಟರಿಗೆ ಅರ್ಧ ಗಂಟೆ ಅಡಗಿಕೊಳ್ಳಲು ಜಾಗ ಸಿಕ್ಕಂತಾಗುತ್ತದೆ.

ಇದಕ್ಕಿಂತ ದೊಡ್ಡ ತಪ್ಪು ಇನ್ನೊಂದಿದೆ, ಅದನ್ನು ಅನುಭವಸ್ಥರೂ ಮಾಡುತ್ತಾರೆ. ಬಂದ ಸಂದೇಶಗಳ ಪಟ್ಟಿ ಹಿಡಿದು, ಅದರಲ್ಲಿ ಹಳೆಯದು ಯಾವುದೆಂದು ಹುಡುಕುವುದು. ಆ ಪಟ್ಟಿಯಲ್ಲಿ ಒಮ್ಮೆಯಾದರೂ ಮಾತಾಡಿದವರ ಹೆಸರು ಮಾತ್ರ ಇರುತ್ತದೆ. ಒಮ್ಮೆಯೂ ಮಾತಾಡದ ಕೌಂಟರ್ ಅಲ್ಲಿ ಇರುವುದೇ ಇಲ್ಲ. ಹಳೆಯ ಸಂದೇಶಗಳನ್ನು ತಿಂಗಳಿಗೊಮ್ಮೆ ಅಳಿಸುವ ಪದ್ಧತಿಯಿದ್ದರೆ, ತಿಂಗಳು ಮೀರಿ ಸುಮ್ಮನಿರುವ ಕೌಂಟರೂ ಪಟ್ಟಿಯಿಂದ ಜಾರಿಹೋಗುತ್ತದೆ. ಮೇಷ್ಟರು ಹಾಜರಿ ಪುಸ್ತಕ ತೆರೆದು ಹೆಸರು ಕೂಗಿದರೆ ಗೈರುಹಾಜರಾದವರು ಸಿಗುತ್ತಾರೆ. ಎದುರಿಗೆ ಕೂತ ಮಕ್ಕಳನ್ನಷ್ಟೇ ನೋಡಿ ಹಾಜರಿ ಬರೆದರೆ ಸಿಗುವುದಿಲ್ಲ. ಆದ್ದರಿಂದ ಮೊದಲು ಇರಬೇಕಾದ ಕೌಂಟರುಗಳ ಪಟ್ಟಿ, ಆಮೇಲೆ ಅವುಗಳ ಪಕ್ಕಕ್ಕೆ ಕೊನೆಯ ಸಮಯ. ಡೇಟಾಬೇಸಿಗೆ ಕೇಳುವ ಪ್ರಶ್ನೆ ಹೀಗಿರುತ್ತದೆ:

```sql
SELECT t.store, t.terminal_id,
       MAX(h.received_at) AS last_seen
FROM terminals t
LEFT JOIN heartbeats h
       ON h.terminal_id = t.terminal_id
WHERE t.status = 'ACTIVE'
GROUP BY t.store, t.terminal_id
ORDER BY CASE WHEN MAX(h.received_at) IS NULL THEN 0 ELSE 1 END,
         last_seen;
```

ಇಲ್ಲಿ `LEFT JOIN` ಎಂಬುದೇ ಜೀವಾಳ. ಅದಿರುವುದರಿಂದ ಒಂದೂ ಸಂದೇಶ ಕಳಿಸದ ಕೌಂಟರಿನ ಹೆಸರು ಸಹ ಬರುತ್ತದೆ. ಅದರ ಮುಂದೆ ಸಮಯದ ಬದಲು `NULL` ಎಂದಿರುತ್ತದೆ.

ಉತ್ತರ ಬಂದ ಮೇಲೆ ಅದನ್ನು ಓದುವುದು ಹೇಗೆ? ಕರ್ನಾಟಕದಲ್ಲಿ ನಲವತ್ತು ಅಂಗಡಿಗಳಿರುವ ಒಂದು ಸರಪಳಿಯನ್ನು ಕಲ್ಪಿಸಿಕೊಳ್ಳೋಣ. 2025ರ ಸೆಪ್ಟೆಂಬರ್ 27, ಶನಿವಾರ, ನವರಾತ್ರಿಯ ವ್ಯಾಪಾರ, ಬೆಳಿಗ್ಗೆ 11:40. ಹತ್ತು ನಿಮಿಷದ ಗಡುವು ಮೀರಿದ ಆರು ಕೌಂಟರುಗಳು ಮೇಲೆ ನಿಂತಿವೆ.

ಆರರಲ್ಲಿ ಮೂರು ಶಿರಸಿಯ ಅಂಗಡಿಯವು, ಮೂರರ ಕೊನೆಯ ಸಮಯವೂ 11:02ರ ಆಸುಪಾಸು. ಮೂರು ಕಂಪ್ಯೂಟರ್ ಒಂದೇ ನಿಮಿಷಕ್ಕೆ ಕೆಡುವುದಿಲ್ಲ. ಕೆಟ್ಟಿರುವುದು ಅವು ಹಂಚಿಕೊಂಡ ದಾರಿ: ಅಂಗಡಿಯ ಬ್ರಾಡ್‌ಬ್ಯಾಂಡ್ ಲೈನೋ ರೌಟರೋ. ಕರೆಂಟು ಹೋಗಿ, ಕಂಪ್ಯೂಟರುಗಳು ಯುಪಿಎಸ್ಸಿನಲ್ಲಿ ನಡೆಯುತ್ತಾ ರೌಟರ್ ಮಾತ್ರ ಆರಿಹೋಗಿರುವುದೂ ಉಂಟು. ಇಂಥದ್ದು ಹೆಚ್ಚಾಗಿ ಒಂದು ಫೋನಿನಲ್ಲಿ ಬಗೆಹರಿಯುತ್ತದೆ. ನಲವತ್ತೂ ಅಂಗಡಿಗಳು ಒಟ್ಟಿಗೆ ಸುಮ್ಮನಾಗಿದ್ದರೆ ಫೋನನ್ನೂ ಮಾಡಬೇಕಿಲ್ಲ, ನಮ್ಮ ಸರ್ವರನ್ನೇ ನೋಡಿಕೊಳ್ಳಬೇಕು.

ದಾವಣಗೆರೆಯ ನಾಲ್ಕನೇ ಕೌಂಟರ್ ಕೊನೆಗೆ ಮಾತಾಡಿದ್ದು ಹಿಂದಿನ ರಾತ್ರಿ 9:47ಕ್ಕೆ. ಫೋನು ಮಾಡಿದರೆ ಉತ್ತರ ಸರಳ: “ಸರ್, ಆ ಕೌಂಟರಿನ ಹುಡುಗಿ ಇವತ್ತು ರಜೆ, ಅದನ್ನ ಆನ್ ಮಾಡೇ ಇಲ್ಲ.” ಇದು ಕೆಡುಕಲ್ಲ. ಇಂಥ ಸುಳ್ಳು ಕರೆಗಳು ದಿನಕ್ಕೆ ಹತ್ತು ಬಂದರೆ ಹನ್ನೊಂದನೆಯ ನಿಜವಾದದ್ದನ್ನು ಯಾರೂ ನೋಡುವುದಿಲ್ಲ. ಅದಕ್ಕಾಗಿ ಕೌಂಟರನ್ನು ಮುಚ್ಚುವಾಗ ‘ಮುಚ್ಚುತ್ತಿದ್ದೇನೆ’ ಎಂಬ ಕೊನೆಯ ಸಂದೇಶವೊಂದು ಹೋಗುವಂತೆ ಮಾಡಬೇಕು. ಹೇಳಿ ಹೋದವರು ಬೇರೆ, ಹೇಳದೆ ಹೋದವರು ಬೇರೆ.

ಗೋಕಾಕದ ಎರಡನೇ ಕೌಂಟರಿನ ಮುಂದೆ `NULL` ಇದೆ, ಆದರೆ ಅಲ್ಲಿ ಎರಡೂ ಕೌಂಟರಿನಲ್ಲಿ ಬಿಲ್ ಆಗುತ್ತಿದೆ. ಅಂಗಡಿ ತೆರೆಯುವ ಅವಸರದಲ್ಲಿ ಒಂದನೇ ಕಂಪ್ಯೂಟರಿನ ಹಾರ್ಡ್‌ಡಿಸ್ಕನ್ನು ಹಾಗೇ ನಕಲು ಮಾಡಿ ಎರಡನೆಯದಕ್ಕೆ ಹಾಕಿದ್ದಾರೆ. ಕೌಂಟರಿನ ಗುರುತು ಬದಲಿಸಲು ಮರೆತಿದ್ದಾರೆ. ಎರಡೂ ಒಂದೇ ಹೆಸರಿನಲ್ಲಿ ಮಾತಾಡುತ್ತಿವೆ. ಇದು ಬಹಳ ಅಪಾಯದ ಸ್ಥಿತಿ, ಏಕೆಂದರೆ ನಾಳೆ ಒಂದು ಕಡಿದುಹೋದರೂ ಇನ್ನೊಂದರ ಸಂದೇಶ ಅದನ್ನು ಮರೆಮಾಡುತ್ತದೆ. ಒಂದೇ ಗುರುತಿನ ಸಂದೇಶಗಳು ಎರಡು ಬೇರೆ ಯಂತ್ರಗಳಿಂದ ಬರುತ್ತಿವೆಯೇ ಎಂದು ಬೇರೆಯಾಗಿ ಪರೀಕ್ಷಿಸಿದರೆ ಮಾತ್ರ ಇದು ಖಚಿತವಾಗುತ್ತದೆ.

ಉಳಿದದ್ದು ಹಾಸನದ ಎರಡನೇ ಕೌಂಟರ್. ಕೊನೆಯ ಸಮಯ ಸೆಪ್ಟೆಂಬರ್ 19, ಸಂಜೆ 4:12. ಅದೇ ಅಂಗಡಿಯ ಉಳಿದ ಕೌಂಟರುಗಳು ಈ ಕ್ಷಣದಲ್ಲೂ ಮಾತಾಡುತ್ತಿವೆ, ಆದ್ದರಿಂದ ಲೈನು ಸರಿಯಿದೆ. ಫೋನು ಮಾಡಿದರೆ ಕೌಂಟರಿನಲ್ಲಿ ವ್ಯಾಪಾರ ಜೋರಾಗಿದೆ ಎನ್ನುತ್ತಾರೆ. ಕೆಳಗೆ ಬಗ್ಗಿ ನೋಡಿದರೆ ನೆಟ್‌ವರ್ಕ್ ಕೇಬಲ್ ಸ್ವಿಚ್ಚಿನಿಂದ ಕಳಚಿ ನೇತಾಡುತ್ತಿದೆ. ನೆಲ ಒರೆಸುವಾಗ ಎಳೆದಿರಬೇಕು.

ಎಂಟು ದಿನದ ಬಿಲ್ ತಡವಾಗಿ ಬರುವುದಷ್ಟೇ ಅಲ್ಲವೇ ಎನ್ನಬಹುದು. ಈ ಎಂಟು ದಿನಗಳ ನಡುವೆ ಸೆಪ್ಟೆಂಬರ್ 22 ಬಂದಿತ್ತು. ಅಂದಿನಿಂದ ಸೋಪು, ಶ್ಯಾಂಪೂ, ಟೂತ್‌ಪೇಸ್ಟು, ತಲೆಗೆ ಹಚ್ಚುವ ಎಣ್ಣೆಗಳ ಜಿಎಸ್‌ಟಿ ಶೇ. 18ರಿಂದ ಶೇ. 5ಕ್ಕೆ ಇಳಿಯಿತು. ಹೆಡ್ ಆಫೀಸು 21ರ ರಾತ್ರಿ ಹೊಸ ದರಪಟ್ಟಿ ಕಳಿಸಿದಾಗ ಈ ಕೌಂಟರಿಗೆ ಅದು ತಲುಪಿಲ್ಲ. ತೆರಿಗೆಗೆ ಮುಂಚಿನ ಬೆಲೆ ನೂರು ರೂಪಾಯಿ ಇದ್ದ ಸಾಮಾನಿಗೆ ಪಕ್ಕದ ಸಾಲಿನಲ್ಲಿ ನಿಂತವರು 105 ಕೊಟ್ಟರೆ, ಇಲ್ಲಿ ನಿಂತವರು 118 ಕೊಟ್ಟಿದ್ದಾರೆ. ತೆರಿಗೆಯೆಂದು ವಸೂಲು ಮಾಡಿದ್ದನ್ನು ಅಂಗಡಿ ಸರ್ಕಾರಕ್ಕೆ ಕಟ್ಟಲೇಬೇಕು, ಇಟ್ಟುಕೊಳ್ಳುವಂತಿಲ್ಲ. ಗಿರಾಕಿಗೆ ಆದ ಅನ್ಯಾಯ ಮಾತ್ರ ಹಾಗೇ ಉಳಿಯುತ್ತದೆ. ನನಗೆ ಈ ಕೆಲಸ ಬರಿ ಕಂಪ್ಯೂಟರಿನದ್ದಲ್ಲ ಎನಿಸುವುದು ಇಲ್ಲಿಯೇ.

ಕೇಬಲ್ ಸಿಕ್ಕಿಸುವ ಮುಂಚೆ ಮಾಡಬೇಕಾದ ಕೆಲಸವೊಂದಿದೆ. ಎಂಟು ದಿನದ ಬಿಲ್ಲುಗಳು ಲೋಕದಲ್ಲಿ ಇರುವುದು ಆ ಒಂದೇ ಡಿಸ್ಕಿನಲ್ಲಿ. ಅಲ್ಲಿನ ಡೇಟಾಬೇಸ್ ಫೈಲನ್ನು ಪೆನ್ ಡ್ರೈವಿಗೆ ನಕಲು ಮಾಡಿಕೊಳ್ಳಬೇಕು. ಸಂಪರ್ಕ ಸಿಗದ ಕಂಪ್ಯೂಟರನ್ನು ಫಾರ್ಮ್ಯಾಟ್ ಮಾಡಿ ವಿಂಡೋಸ್ ಮತ್ತೆ ಹಾಕೋಣ ಎಂದು ಹೊರಡುವ ಟೆಕ್ನಿಷಿಯನ್ನನ್ನು ತಡೆಯದಿದ್ದರೆ ಆ ಬಿಲ್ಲುಗಳು ಶಾಶ್ವತವಾಗಿ ಹೋದಂತೆ.

ಕೇಬಲ್ ಸಿಕ್ಕಿಸಿದ ಕೂಡಲೇ ಹಾರ್ಟ್‌ಬೀಟ್ ಬಂದು ಪರದೆ ಹಸಿರಾಗುತ್ತದೆ. ಆದರೆ ಕೌಂಟರ್ ಬದುಕಿದೆ ಎಂದರೆ ಬಿಲ್ಲುಗಳು ಬಂದಿವೆ ಎಂದಲ್ಲ. ಬಿಲ್ಲುಗಳು ಸಾಲಾಗಿ ಹೊರಡುತ್ತವೆ. ಮುಂದಿನದೊಂದು ಸಿಕ್ಕಿಕೊಂಡರೆ ಹಿಂದಿನವೆಲ್ಲ ನಿಲ್ಲುತ್ತವೆ. ಸರ್ವರಿನ ಪಟ್ಟಿಯಿಂದ ತೆಗೆದುಹಾಕಿದ ಸಾಮಾನೊಂದು ಹಳೆಯ ಬಿಲ್ಲಿನಲ್ಲಿದ್ದರೆ ಸಾಕು, ಸರ್ವರ್ ಅದನ್ನು ತಿರಸ್ಕರಿಸುತ್ತದೆ. ಕೌಂಟರ್ ಅದನ್ನೇ ಮತ್ತೆ ಮತ್ತೆ ಕಳಿಸುತ್ತಾ ಕೂರುತ್ತದೆ. ಹಾಗಾಗಿ ಪ್ರತಿ ಸಂದೇಶದಲ್ಲೂ ಇನ್ನೆಷ್ಟು ಬಿಲ್ ಬಾಕಿ, ಅದರಲ್ಲಿ ಅತಿ ಹಳೆಯದು ಯಾವ ಹೊತ್ತಿನದು ಎಂಬ ಎರಡು ಮಾಹಿತಿ ಇರಬೇಕು. ಕೊನೆಗೆ ಮಾತಾಡಿದ ಸಮಯಕ್ಕಿಂತ ಈ ಬಾಕಿಯ ಸಂಖ್ಯೆಯೇ ಹೆಚ್ಚು ನಂಬಿಕೆಗೆ ಅರ್ಹ.

ಅದು ಸೊನ್ನೆಗೆ ಇಳಿದ ಮೇಲೆ ಕೊನೆಯ ತಾಳೆ. ಜಿಎಸ್‌ಟಿ ನಿಯಮದ ಪ್ರಕಾರ ಬಿಲ್ ಸಂಖ್ಯೆಗಳು ಒಂದರ ಹಿಂದೆ ಒಂದು ಬರಬೇಕು, ಒಂದು ಹಣಕಾಸು ವರ್ಷದಲ್ಲಿ ಮರುಕಳಿಸಬಾರದು. ಪ್ರತಿ ಕೌಂಟರಿಗೂ ತನ್ನದೇ ಸರಣಿ ಕೊಟ್ಟಿರುವುದರಿಂದ ಸಂಪರ್ಕವಿಲ್ಲದೆಯೂ ಸಂಖ್ಯೆ ಕಲಸಿಹೋಗುವುದಿಲ್ಲ. ನಮ್ಮ ಉದಾಹರಣೆಯಲ್ಲಿ ಕೇಬಲ್ ಕಳಚುವ ಮುಂಚೆ ಹೆಡ್ ಆಫೀಸಿಗೆ ಬಂದ ಕೊನೆಯ ಬಿಲ್ 4310 ಇರಲಿ, ಕೌಂಟರಿನ ಇತ್ತೀಚಿನ ಬಿಲ್ 5522 ಇರಲಿ. ಬರಬೇಕಾದದ್ದು 1,212. ಬಂದದ್ದು 1,211. ಸಂಖ್ಯೆಗಳನ್ನು ಸಾಲಾಗಿ ಜೋಡಿಸಿದರೆ 4876 ಕಾಣುವುದಿಲ್ಲ. ಪೆನ್ ಡ್ರೈವಿನ ನಕಲಿನಲ್ಲಿ ಹುಡುಕಿದರೆ ಅದು ಗಿರಾಕಿ ಬೇಡವೆಂದದ್ದಕ್ಕೆ ರದ್ದಾದ ಬಿಲ್. ರದ್ದಾದವನ್ನು ತಂತ್ರಾಂಶ ಕಳಿಸುತ್ತಲೇ ಇರಲಿಲ್ಲ. ಅಕ್ಟೋಬರ್ 11ರೊಳಗೆ ಸಲ್ಲಿಸಬೇಕಾದ ಮಾಸಿಕ ಜಿಎಸ್‌ಟಿಆರ್-1 ಅರ್ಜಿಯಲ್ಲಿ ಸರಣಿಯ ಮೊದಲ ಸಂಖ್ಯೆ, ಕೊನೆಯ ಸಂಖ್ಯೆ, ರದ್ದಾದವು ಎಷ್ಟು ಎಂದು ಕೇಳುವ ಕೋಷ್ಟಕವಿದೆ. 4876 ಸೇರಬೇಕಾದದ್ದು ಅಲ್ಲಿಗೆ.